ಕಣದ ಮೇಲೆ ಮಳೆ ಬಿದ್ದ ದಿನ: ದೊಡ್ಡಪ್ಪನ ಕಿವಿಮಾತು

ಪುಟ್ಟಿ,

ಈ ಸಲದ ಕಾಫಿ ಕೊಯ್ಲಿನ ಹೊಣೆ ನಿನ್ನದು ಅಂತ ನಿಮ್ಮಪ್ಪ ಹೇಳಿದ. ಗಿಡ, ಗೊಬ್ಬರ, ನೆರಳು ಇವೆಲ್ಲ ನೀನೇ ಓಡಾಡಿ ಕಲಿತಿದ್ದೀಯ. ನಾನು ಹೇಳಬೇಕೆಂದಿರುವುದು ಒಂದು ಅರ್ಧ ದಿನದ ವಿಷಯ. ಕಣದ ತುಂಬ ಕಾಫಿ ಹರಡಿರುವಾಗ, ಆಳುಗಳೆಲ್ಲ ತೋಟದೊಳಗಿರುವಾಗ, ಹನ್ನೊಂದು ಗಂಟೆಗೆ ಮಳೆ ಸುರಿದು ಹಿಂದಿನ ರಾತ್ರಿ ಬರೆದಿಟ್ಟ ಕೆಲಸದ ಪಟ್ಟಿ ಪೂರ್ತಿ ಹೋಯಿತು ಅಂದುಕೋ. ಉಳಿದ ಹೊತ್ತನ್ನು ಹೇಗೆ ಕಟ್ಟಿಕೊಳ್ಳಬೇಕು ಅನ್ನುವುದನ್ನು ಯಾರೂ ಪಾಠ ಮಾಡಿ ಹೇಳಿಕೊಡುವುದಿಲ್ಲ. ಕೊಯ್ಲಿನ ಕಾಲದ ಮಳೆ ಈಗ ಅಪರೂಪವೂ ಅಲ್ಲ. 2021ರಲ್ಲಿ ಜನವರಿಯ ಮೊದಲ ದಿನಗಳಲ್ಲೇ ಕೊಡಗು, ಹಾಸನ, ಚಿಕ್ಕಮಗಳೂರಿನ ಕಣಗಳೆಲ್ಲ ನೆನೆದವು. ಅದೇ ವರ್ಷ ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗುವ ಹೊತ್ತಿಗೆ ಮತ್ತೆ ಬಿಡದೆ ಹೊಯ್ಯಿತು.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ದಿನವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಜನವರಿ ಮೊದಲ ವಾರ ಅಂತಿಟ್ಟುಕೋ. ಅರೇಬಿಕಾದ ಕೊನೆಯ ಸುತ್ತು ನಡೆಯುತ್ತಿದೆ, ರೊಬಸ್ಟಾ ಇನ್ನೇನು ಶುರುವಾಗಬೇಕು. 18 ಜನ ಎಂಟು ಗಂಟೆಯಿಂದ ಹಣ್ಣು ಕೀಳುತ್ತಿದ್ದಾರೆ. ಕಣದ ಮೇಲ್ಭಾಗದಲ್ಲಿ ಎಂಟು ದಿನ ಒಣಗಿದ ಪಾರ್ಚ್‌ಮೆಂಟ್ 10 ಚೀಲದಷ್ಟಿದೆ. ನಡುವೆ ಮೂರು ದಿನದ ಪಾರ್ಚ್‌ಮೆಂಟ್ 6 ಚೀಲದಷ್ಟು. ಮೂಲೆಯಲ್ಲಿ ಜೊಳ್ಳು, ಒಣಕಲು ಹಣ್ಣಿನ ಚೆರಿ. ತೊಳೆದ ಕಾಫಿ ಒಂದು ತೊಟ್ಟಿಯಲ್ಲಿ ನೀರಿನಡಿ ಇದೆ, ಮಧ್ಯಾಹ್ನ ಕಣಕ್ಕೆ ಹಾಕಬೇಕಿತ್ತು. ನಿನ್ನೆ ಸಂಜೆ ಪಲ್ಪ್ ಮಾಡಿದ್ದು ಪಕ್ಕದ ತೊಟ್ಟಿಯಲ್ಲಿ ಹುಳಿಯುತ್ತಿದೆ. 10:40ಕ್ಕೆ ಗಾಳಿ ಎದ್ದಿತು, ಐದೇ ನಿಮಿಷದಲ್ಲಿ ದಪ್ಪ ಹನಿ, ಅದರ ಹಿಂದೆಯೇ ಕರೆಂಟೂ ಹೋಯಿತು.

• ಮೊದಲ ಕಾಲು ಗಂಟೆ ಯೋಚನೆಯದಲ್ಲ, ಕೈಯದು. ಆ ಹೊತ್ತಿನಲ್ಲಿ ತೀರ್ಮಾನಕ್ಕೆ ನಿಲ್ಲಬೇಡ. ಯಾವುದನ್ನು ಮೊದಲು ಮುಚ್ಚಬೇಕು ಅನ್ನುವುದು ಪ್ರತಿದಿನ ಬೆಳಗ್ಗೆ ಕಣ ಹರಡುವಾಗಲೇ ತೀರ್ಮಾನವಾಗಿರಬೇಕು, ಮೇಸ್ತ್ರಿಗೂ ಕಣದ ಆಳಿಗೂ ಬಾಯಿಪಾಠವಾಗಿರಬೇಕು. ಹೆಚ್ಚು ಒಣಗಿದ್ದು ಮೊದಲು, ಹಸಿಯದ್ದು ಕೊನೆಗೆ. ಎಂಟು ದಿನದ್ದರ ಮೇಲೆ ಹತ್ತು ನಿಮಿಷ ಮಳೆ ಬಿದ್ದರೆ ಹೋಗುವುದು ಎಂಟು ದಿನದ ಬಿಸಿಲು. ಒಣಗಿದ ಸಿಪ್ಪೆ ನೀರು ಕುಡಿದು ಉಬ್ಬಿ ಬಿರಿಯುತ್ತದೆ, ಒಳಗಿನ ಬೇಳೆ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಅದನ್ನು ಮತ್ತೆಷ್ಟು ಒಣಗಿಸಿದರೂ ಮೊದಲಿನ ಬಣ್ಣ ಬರುವುದಿಲ್ಲ. ಮೂರು ದಿನದ್ದು ನೆನೆದರೂ ನಷ್ಟವೇ, ಆದರೆ ಅಷ್ಟಲ್ಲ. ಚೆರಿಗೆ ಹೊರಸಿಪ್ಪೆಯ ಕಾಪು ಇದೆ, ಅದು ಕೊನೆಗೆ ಕಾಯಬಲ್ಲದು.

ಗುಡ್ಡೆ ಮಾಡುವಾಗ ಕಣದ ಇಳಿಜಾರು ಯಾವ ಕಡೆಗಿದೆಯೋ ಆ ಕಡೆಗೇ ಉದ್ದನೆಯ ದಿಂಡಾಗಿ ಎಳೆಸು. ಇಳಿಜಾರಿಗೆ ಅಡ್ಡವಾಗಿ ಎಳೆದರೆ ಮೇಲಿನಿಂದ ಬಂದ ನೀರು ದಿಂಡಿನ ಬುಡದಲ್ಲಿ ನಿಂತು, ಟಾರ್ಪಾಲಿನ ಅಡಿಯಿಂದಲೇ ಕಾಫಿಯನ್ನು ನೆನೆಸುತ್ತದೆ. ಮೇಲಿನಿಂದ ಎಷ್ಟು ಚೆನ್ನಾಗಿ ಮುಚ್ಚಿದರೂ ಅದು ಕಾಣುವುದಿಲ್ಲ. ಪಾರ್ಚ್‌ಮೆಂಟಿನ ಮೇಲೆ ಮೊದಲು ಗೋಣಿ, ಅದರ ಮೇಲೆ ಟಾರ್ಪಾಲು. ಬಿಸಿಲಿಗೆ ಕಾದ ಕಾಫಿಯನ್ನು ಬರೀ ಪ್ಲಾಸ್ಟಿಕ್ಕಿನಿಂದ ಮುಚ್ಚಿದರೆ ಹಾಳೆಯ ಒಳಮೈ ಬೆವರಿ, ಆ ಹನಿ ಕಾಫಿಯ ಮೇಲೇ ಬೀಳುತ್ತದೆ.

• ತೋಟದೊಳಗಿರುವವರನ್ನು ಕರೆಸಿಕೋ, ಆದರೆ ಓಡಿ ಬನ್ನಿ ಅನ್ನಬೇಡ. ಇಳಿಜಾರಿನ ಹಸಿ ಎಲೆಯ ಮೇಲೆ ಹಣ್ಣಿನ ಚೀಲ ಹೊತ್ತು ಓಡಿದರೆ ಕಾಲು ಉಳಿಯುವುದಿಲ್ಲ. ಚೀಲ ಅಲ್ಲೇ ಬಿಟ್ಟು ಬರಲಿ, ಆಮೇಲೆ ತರಬಹುದು. ಗುಡುಗಿದರೆ ಸಿಲ್ವರ್ ಓಕಿನ ಬುಡದಲ್ಲಿ ಯಾರೂ ನಿಲ್ಲಬಾರದು. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯನ್ನು ಯಾರೂ ಮುಟ್ಟಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಒಬ್ಬರನ್ನೂ ಮತ್ತೆ ತೋಟಕ್ಕೆ ಕಳಿಸಬೇಡ. ಕಳಿಸುವ ಮುಂಚೆ ರೈಟರು ಕರೆಂಟಿನ ಲೈನು ಹಾದುಹೋಗುವ ಜಾಗವನ್ನೆಲ್ಲ ದೂರದಿಂದ ನೋಡಿಕೊಂಡು ಬರಲಿ. ಗಾಳಿಗೆ ಕೊಂಬೆ ಬಿದ್ದು ತಂತಿ ನೆಲಕ್ಕೆ ತಾಗಿರಬಹುದು. ಕರೆಂಟು ಹೋಗಿದೆ ಅಂತ ಅದರ ಹತ್ತಿರ ಸುಳಿಯುವುದು ಬೇಡ, ಯಾವ ಕ್ಷಣದಲ್ಲಾದರೂ ಬರಬಹುದು. ಲೈನ್‌ಮನ್ ಬರುವ ತನಕ ತೋಟದ ಆ ಪಟ್ಟಿಯಲ್ಲಿ ಕೆಲಸವಿಲ್ಲ.

• ಮುಚ್ಚಿದ್ದಾಯಿತು, ಎಲ್ಲರೂ ಶೆಡ್ಡಿನೊಳಗೆ ಬಂದರು. ಈಗ ಎಲ್ಲರಿಗೂ ಬಿಸಿ ಕಾಫಿ ಕೊಡಿಸಿ, ನೀನು ಒಂದು ಹಾಳೆ ತಗೊಂಡು ಕೂತುಕೋ. ಹಳೆಯ ಪಟ್ಟಿಯನ್ನು ತೆರೆಯಲೇಬೇಡ. ಅದನ್ನು ಎದುರಿಗಿಟ್ಟುಕೊಂಡರೆ ಮನಸ್ಸು ಬೆಳಗ್ಗೆ ತಪ್ಪಿದ್ದನ್ನು ಸಂಜೆಯೊಳಗೆ ತುಂಬಿಸಲು ಹೊರಡುತ್ತದೆ. 18 ಜನರ ಅರ್ಧ ದಿನದ ಕೊಯ್ಲು ಹೋಯಿತಲ್ಲ ಅನ್ನುವ ಸಂಕಟ ಸಹಜ. ಆದರೆ ಗಿಡದ ಮೇಲಿರುವ ಹಣ್ಣು ಇವತ್ತು ರಾತ್ರಿಯೊಳಗೆ ಕೆಡುವುದಿಲ್ಲ. ಕಿತ್ತಿಟ್ಟದ್ದು, ಪಲ್ಪ್ ಮಾಡಿದ್ದು, ಅರೆ ಒಣಗಿದ್ದು ಕೆಡುತ್ತವೆ. ಅದಕ್ಕೇ ಹಾಳೆಯಲ್ಲಿ ಎರಡೇ ಸಾಲು ಬರೆ: ಕೈಯಲ್ಲಿರುವ ಕಾಫಿ ಏನೇನು, ಒಂದೊಂದೂ ಈಗಿರುವ ಸ್ಥಿತಿಯಲ್ಲಿ ಎಷ್ಟು ಹೊತ್ತು ತಡೆಯುತ್ತದೆ. ಯಾವುದು ಬೆಲೆಬಾಳುವುದು, ಯಾವುದಕ್ಕೆ ಹೆಚ್ಚು ಕೂಲಿ ಹೋಗಿದೆ ಅನ್ನುವುದನ್ನು ಈ ಹೊತ್ತಿನಲ್ಲಿ ಬರೆಯಬೇಡ.

• ಆ ಎರಡನೆಯ ಸಾಲನ್ನು ತುಂಬುವುದೇ ನಿಜವಾದ ಕಸುಬು. ನಾವು ಕೂತ ದಿನದ ಲೆಕ್ಕವನ್ನೇ ಹಾಕೋಣ.

ಎಂಟು ದಿನದ ಪಾರ್ಚ್‌ಮೆಂಟು ನೆನೆಯದೆ ಉಳಿದಿದ್ದರೆ ಅದರ ಚಿಂತೆ ಬಿಡು. ಪಾರ್ಚ್‌ಮೆಂಟಿಗೆ ಬೇಕಾದ ಕೊನೆಯ ಹದ ಶೇಕಡಾ 10 ತೇವಾಂಶ, ಅದು ಅದರ ಹತ್ತಿರಕ್ಕೆ ಬಂದಿರುತ್ತದೆ. ಗೋಣಿ, ಟಾರ್ಪಾಲಿನ ಅಡಿ ಇವತ್ತು ರಾತ್ರಿ, ನಾಳೆ ಹಗಲು ಸುಮ್ಮನಿರಬಲ್ಲದು. ಗೋಡೌನಿನಲ್ಲಿ ಮರದ ಹಲಗೆಯ ಮೇಲೆ ಜಾಗವಿದ್ದರೆ ಒಳಗೆ ಸಾಗಿಸಿಬಿಡು, ಆದರೆ ಚೀಲದ ಬಾಯಿ ಹೊಲಿಯಬೇಡ.

ತೊಟ್ಟಿಯಲ್ಲಿ ನೀರಿನಡಿ ಇರುವ ತೊಳೆದ ಕಾಫಿಯನ್ನು ಕಂಡರೆ ಹೊಸಬರಿಗೆ ಗಾಬರಿಯಾಗುತ್ತದೆ. ಒದ್ದೆಯದ್ದು ಅಲ್ಲವೇ, ಕೂಡಲೇ ಒಣಹಾಕಬೇಕು ಅಂತ ಒದ್ದಾಡುತ್ತಾರೆ. ಅದು ತಪ್ಪು ಎಣಿಕೆ. ಚೆನ್ನಾಗಿ ತೊಳೆದು ಲೋಳೆ ಹೋದ ಕಾಫಿ ಶುದ್ಧ ನೀರಿನಡಿ ಇನ್ನೊಂದು ದಿನ ನಿಶ್ಚಿಂತೆಯಾಗಿ ಇರುತ್ತದೆ. ಹಳೆಯ ನೀರು ಬಸಿದು ಹೊಸ ನೀರು ತುಂಬಿಸಬೇಕು, ಒಂದು ಕಾಳೂ ನೀರಿನಿಂದ ಮೇಲೆ ಇಣುಕಬಾರದು, ಅಷ್ಟೇ. ಕರೆಂಟಿಲ್ಲದ ದಿನ ನೀರು ಬದಲಿಸಲು ಮೇಲಿನ ಟ್ಯಾಂಕಿನಲ್ಲಿ ಎಷ್ಟಿದೆ ಅಂತ ನೋಡಿಕೋ. ಇದ್ದ ನೀರನ್ನು ಬೇರೆ ಯಾವುದಕ್ಕೂ ಬಿಡದೆ ಇದಕ್ಕೆ ಕಾದಿರಿಸು.

ಹುಳಿಯುತ್ತಿರುವ ತೊಟ್ಟಿಗೆ ಗಡಿಯಾರ ಇಲ್ಲ, ಕೈ ಇದೆ. ಅರೇಬಿಕಾ ಸಾಮಾನ್ಯವಾಗಿ 24ರಿಂದ 36 ಗಂಟೆಯಲ್ಲಿ ಲೋಳೆ ಬಿಡುತ್ತದೆ. ಮಳೆ ಬಿದ್ದು ತಣ್ಣಗಾದರೆ ಇನ್ನಷ್ಟು ತಡ. ಆದ್ದರಿಂದ ಮಳೆಯ ದಿನ ಈ ತೊಟ್ಟಿ ನಿನಗೆ ಹೊತ್ತು ಕೊಡುತ್ತದೆ. ಒಂದು ಹಿಡಿ ತೆಗೆದು ತೊಳೆದು ಉಜ್ಜಿ ನೋಡು. ಜಾರಿದರೆ ಇನ್ನೂ ಆಗಿಲ್ಲ, ನುಣುಪು ಹೋಗಿ ಹರಳಿನಂತೆ ಗರಗರ ಅಂದರೆ ಆಗಿದೆ. ಕೋಲು ಚುಚ್ಚಿ ತೆಗೆದಾಗ ತೂತು ಮುಚ್ಚಿಕೊಳ್ಳದೆ ಹಾಗೇ ನಿಂತರೂ ಆಗಿದೆ ಅಂತಲೇ ಅರ್ಥ. ಆಗಿದ್ದನ್ನು ಬಿಟ್ಟರೆ ಹುಳಿ ಮೀರಿ ನಾತ ಬರುತ್ತದೆ, ಅದು ಕಪ್ಪಿನವರೆಗೂ ಹೋಗುತ್ತದೆ. ಸಂಜೆ ನಾಲ್ಕಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಮುಟ್ಟಿ ನೋಡು ಅಂತ ಹಾಳೆಯಲ್ಲಿ ಬರೆದುಕೊಂಡು ಮುಂದೆ ಹೋಗು.

ಉಳಿದದ್ದು ಎರಡು: ನಡುವಿನ ಮೂರು ದಿನದ ಪಾರ್ಚ್‌ಮೆಂಟು, ಮತ್ತು ಬೆಳಗಿನಿಂದ ಕಿತ್ತ ಹಣ್ಣು. ಈ ದಿನದ ಬಿಕ್ಕಟ್ಟೆಲ್ಲ ಇವೆರಡರಲ್ಲಿದೆ.

• ಮೂರು ದಿನದ ಪಾರ್ಚ್‌ಮೆಂಟೇ ಎಲ್ಲಕ್ಕಿಂತ ಅಪಾಯದಲ್ಲಿರುವುದು. ನೋಡುವವರಿಗೆ ಹಾಗೆ ಅನ್ನಿಸುವುದಿಲ್ಲ, ಮೇಲೆ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಒಳಗೆ ಇನ್ನೂ ಬಹಳ ನೀರಿದೆ. ಪೂರ್ತಿ ಒಣಗಿದ್ದರ ಹಾಗೆ ಇದನ್ನು ಗುಡ್ಡೆಯಲ್ಲಿ ಬಿಡಲಾಗದು, ಒಳಗಿನ ತೇವ ಬಿಸಿಯೆಬ್ಬಿಸಿ ಬೂಸ್ಟು ಹಿಡಿಯುತ್ತದೆ. ಹಸಿಯದ್ದರ ಹಾಗೆ ನೀರಿಗೆ ಮರಳಿ ಹಾಕಲೂ ಆಗದು. ಇದಕ್ಕೆ ಗಾಳಿಯೊಂದೇ ದಾರಿ, ಅದೂ ಇವತ್ತೇ.

ಗುಡ್ಡೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡು. ಬೆಚ್ಚಗಿದ್ದರೆ ತಡೆಯುವ ಹೊತ್ತು ಮುಗಿಯುತ್ತಿದೆ ಅಂತ ತಿಳಿ. ಮೂಗಿಗೆ ಹಿಡಿ, ಮಣ್ಣಿನ ವಾಸನೆಯೋ ಹಳೆಯ ಗೋಣಿಯ ವಾಸನೆಯೋ ಬಂದರೆ ಬೂಸ್ಟು ಆಗಲೇ ಹತ್ತಿದೆ.

ಮಳೆ 12:15ಕ್ಕೆ ನಿಂತಿತು ಅನ್ನು. ಬಿಸಿಲು ಬಂದರೂ ಸಿಮೆಂಟಿನ ಕಣ ಆರಲು ಒಂದು ಗಂಟೆ ಬೇಕು. ಮಣ್ಣಿನ ಕಣವಾದರೆ ಆ ದಿನ ಅದನ್ನು ಮರೆತುಬಿಡು. ಜನವರಿಯಲ್ಲಿ ನಾಲ್ಕು ಗಂಟೆಯ ಮೇಲೆ ಬಿಸಿಲಿಗೆ ಕಸುವಿಲ್ಲ, ನಾಲ್ಕೂವರೆಗೆ ಮತ್ತೆ ಮುಚ್ಚಲೇಬೇಕು, ಇಬ್ಬನಿ ಶುರುವಾಗುತ್ತದೆ. ಹಾಗಾದರೆ ಒಟ್ಟು ಸಿಗುವುದು ಎರಡೂವರೆ, ಮೂರು ಗಂಟೆ ಬಿಸಿಲು. ಅಷ್ಟು ಹೊತ್ತಿನಲ್ಲಿ ಇಡೀ ಕಣವನ್ನು ಮತ್ತೆ ಹರಡಿ, ಕೈಯಾಡಿಸಿ, ಮತ್ತೆ ಎಳೆದು ಮುಚ್ಚುವುದು ಆಗದ ಮಾತು. ಹರಡಿದರೆ ಇನ್ನೊಂದು ಮಳೆಗೆ ಎಲ್ಲವನ್ನೂ ಒಡ್ಡಿದ ಹಾಗೆ. ಅದಕ್ಕೇ ಕಣ ಆರಿದ ಮೇಲೆ ಬಿಚ್ಚುವುದು ಈ 6 ಚೀಲದ್ದೊಂದನ್ನೇ. ಎಂದಿಗಿಂತ ತೆಳ್ಳಗೆ ಹರಡಿಸು, ಗಂಟೆಗೊಮ್ಮೆ ಅಲ್ಲ, ಅರ್ಧ ಗಂಟೆಗೊಮ್ಮೆ ಮರದ ಗೋರೆಯಿಂದ ಎಳೆಸು.

ಬಿಸಿಲೇ ಬರದಿದ್ದರೆ? ಹೊರಗಿನ ಕಣವನ್ನು ಬಿಟ್ಟುಬಿಡು. ಗೋಡೌನಿನ ನೆಲ, ಮನೆಯ ಜಗಲಿ, ಕಾರು ನಿಲ್ಲಿಸುವ ಶೆಡ್ಡು, ಎಲ್ಲಿ ಮೇಲೆ ಸೂರಿದೆಯೋ ಅಲ್ಲೆಲ್ಲ ಶುಭ್ರವಾದ ಹಾಳೆ ಹಾಸಿ ತೆಳುವಾಗಿ ಹರಡಬೇಕು. ಗೊಬ್ಬರ, ಔಷಧಿ, ಡೀಸೆಲ್ ಇಟ್ಟ ಜಾಗ ಮಾತ್ರ ಬೇಡ. ಕಾಫಿ ವಾಸನೆಯನ್ನು ಬೇಗ ಹಿಡಿದುಕೊಳ್ಳುತ್ತದೆ. ಜಗಲಿಯಲ್ಲಿ ಕಾಫಿ ಹರಡಿದರೆ ನಿಮ್ಮಮ್ಮ ಎರಡು ದಿನ ಬೇಸರ ಮಾಡಿಕೊಳ್ಳಬಹುದು, ಮೊದಲೇ ಕೇಳಿಕೊಂಡು ಹಾಕು.

• ಇನ್ನು ಕಿತ್ತ ಹಣ್ಣು. 18 ಜನ, ಎರಡೂಮುಕ್ಕಾಲು ಗಂಟೆ, ಕೊನೆಯ ಸುತ್ತಿನ ಬಿಡಿಬಿಡಿ ಹಣ್ಣು. ತಲಾ 15 ಕಿಲೋ ಹಿಡಿದರೆ 270 ಕಿಲೋ ಆಯಿತು. ಅರೇಬಿಕಾದಲ್ಲಿ ಸುಮಾರು ಐದು ಕಿಲೋ ಹಣ್ಣಿಗೆ ಒಂದು ಕಿಲೋ ಒಣ ಪಾರ್ಚ್‌ಮೆಂಟು ಬರುತ್ತದೆ, ಅಂದರೆ ಇದೆಲ್ಲ ಸೇರಿ ಒಂದು ಚೀಲಕ್ಕಿಂತ ಸ್ವಲ್ಪ ಹೆಚ್ಚು. ಈ ಲೆಕ್ಕ ಹಾಕಿಕೊಳ್ಳುವುದು ಮುಖ್ಯ. ಕೆಂಪು ಹಣ್ಣಿನ ರಾಶಿ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಅದನ್ನು ಉಳಿಸಲು ಕರೆಂಟಿಲ್ಲದ ದಿನ ಜನರೇಟರು ತರಿಸು, ಪಲ್ಪರ್ ಓಡಿಸು ಅಂತ ನಾಲ್ಕು ಜನ ಮಧ್ಯಾಹ್ನವಿಡೀ ಅದರ ಹಿಂದೆ ಬಿದ್ದರೆ, ಅತ್ತ ಕಣದಲ್ಲಿ 6 ಚೀಲ ಬೆಚ್ಚಗಾಗುತ್ತಿರುತ್ತದೆ.

ಹಣ್ಣು ಕಿತ್ತ ದಿನವೇ ಪಲ್ಪ್ ಆಗಬೇಕು, ಇದು ನಿಯಮ. ಡೀಸೆಲ್ ಎಂಜಿನ್ನೋ ಕೈಯಲ್ಲಿ ತಿರುಗಿಸುವ ಸಣ್ಣ ಪಲ್ಪರೋ ಸಿದ್ಧವಿದ್ದರೆ ಮುಗಿಸಿಬಿಡು, ಇಷ್ಟು ಹಣ್ಣಿಗೆ ಬಹಳ ಹೊತ್ತು ಬೇಡ. ಇಲ್ಲದಿದ್ದರೆ ಮೂರು ಗಂಟೆಯವರೆಗೆ ಕರೆಂಟಿಗೆ ಕಾಯಿ, ಅದರಾಚೆಗೆ ಬೇಡ. ಕಾಯುವಷ್ಟು ಹೊತ್ತು ಹಣ್ಣು ಚೀಲದಲ್ಲಿರಬಾರದು. ನೆನೆದ ಹಣ್ಣು ಕಟ್ಟಿದ ಚೀಲದಲ್ಲಿ ಬೇಗ ಕಾವೇರಿ ಹುಳಿಯುತ್ತದೆ. ಶೆಡ್ಡಿನ ನೆಲದ ಮೇಲೆ ಸುರಿದು ಹರಡಿಸು. ಮೂರಾದರೂ ಕರೆಂಟು ಬರಲಿಲ್ಲವೆಂದರೆ ಇದನ್ನು ಚೆರಿಗೆ ಬಿಟ್ಟೆವು ಅಂತ ತೀರ್ಮಾನಿಸು. ಹಾಗೇ ಇಡಿಯಾಗಿ ಒಣಗಲಿ, ರಾತ್ರಿ ಸೂರಿನಡಿ ತೆಳುವಾಗಿ ಇರಲಿ. ಪಾರ್ಚ್‌ಮೆಂಟಿನ ಬೆಲೆ ಸಿಗುವುದಿಲ್ಲ, ಚೆರಿಯ ಬೆಲೆ ಸಿಗುತ್ತದೆ. ಬದಲಿಗೆ ರಾತ್ರಿ ಒಂಬತ್ತಕ್ಕೆ ಕರೆಂಟು ಬಂದಾಗ ಹುಳಿತ ಹಣ್ಣನ್ನು ಪಲ್ಪ್ ಮಾಡಿ ಒಳ್ಳೆಯ ತೊಟ್ಟಿಗೆ ಸೇರಿಸಿದರೆ ಆ ತೊಟ್ಟಿಯೇ ಹೋಗುತ್ತದೆ. ನಾಲ್ಕಾರು ಕೆಟ್ಟ ಕಾಳು ಸಾಕು, ಕುದಿಯುವ ನೀರು ಹಾಕಿದೊಡನೆ ರುಚಿ ನೋಡುವವರಿಗೆ ಗೊತ್ತಾಗುತ್ತದೆ.

ಹೊತ್ತು ಮೊದಲೇ ಗೊತ್ತುಮಾಡಿಕೊಳ್ಳಬೇಕು ಅನ್ನುವುದು ಇದಕ್ಕೇ. ಮೂರು ಗಂಟೆ ಅಂತ ಹಾಳೆಯಲ್ಲಿ ಬರೆಯದಿದ್ದರೆ, ಇನ್ನೇನು ಬಂದೀತು, ಇನ್ನೇನು ಬಂದೀತು ಅಂತ ಕತ್ತಲಾಗುತ್ತದೆ.

• ಜನರ ಮಾತನ್ನು ಹನ್ನೆರಡೂವರೆಯೊಳಗೆ ಮುಗಿಸು. ಕೊಯ್ಲು ಮತ್ತೆ ಇದೆಯೋ ಇಲ್ಲವೋ, ಇವತ್ತಿನ ಕೂಲಿ ಹೇಗೆ ಅನ್ನುವ ಎರಡು ಪ್ರಶ್ನೆ ಎಲ್ಲರ ಮನಸ್ಸಿನಲ್ಲಿ ಕುದಿಯುತ್ತಿರುತ್ತದೆ. ಅದಕ್ಕೆ ಉತ್ತರ ಸಿಗುವ ತನಕ ಯಾರ ಕೈಯೂ ಓಡುವುದಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಇಂಥ ದಿನ ಮಧ್ಯಾಹ್ನದ ಮೇಲೆ ಕೊಯ್ಲಿಗೆ ಕಳಿಸಬಾರದು. ಕಾಲು ಜಾರುತ್ತದೆ, ಕಿತ್ತ ಹಣ್ಣಿಗೆ ಸಂಜೆ ಜಾಗವಿಲ್ಲ, ಕಿಲೋ ಲೆಕ್ಕದಲ್ಲಿ ಕೀಳಿಸುತ್ತಿದ್ದರೆ ಹಣ್ಣಿನ ಮೇಲಿನ ನೀರಿನ ತೂಕಕ್ಕೆ ಜಗಳ ಬೇರೆ. ಮುಚ್ಚಲು ಬಂದು ಕೈಜೋಡಿಸಿದವರಿಗೆ ಪೂರ್ತಿ ಹಾಜರಿ ಹಾಕು. ಅವರು ಬೆಳಗ್ಗೆ ಮನೆಯಿಂದ ಇಡೀ ದಿನಕ್ಕೆಂದೇ ಹೊರಟು ಬಂದವರು. ಕಿಲೋ ಲೆಕ್ಕದವರಿಗೆ ಬೆಳಗಿನ ತೂಕದ ಹಣ ಕೊಟ್ಟು, ಮಧ್ಯಾಹ್ನದ ಕೆಲಸಕ್ಕೆ ಅರ್ಧ ದಿನದ ಕೂಲಿ ಸೇರಿಸು.

ಕೆಲಸ ಹಂಚುವಾಗ ಗುಂಪಿಗೆ ಹೇಳಬೇಡ, ಒಬ್ಬೊಬ್ಬರ ಹೆಸರು ಹಿಡಿದು ಹೇಳು. ಆರು ಜನ ನಡುವಿನ ಪಾರ್ಚ್‌ಮೆಂಟಿಗೆ. ನಾಲ್ಕು ಜನ ತೋಟದಲ್ಲಿ ಬಿಟ್ಟ ಚೀಲ ತಂದು ಹಣ್ಣು ಹರಡುವುದಕ್ಕೆ, ಅದೂ ಗುಡುಗು ನಿಂತು ಅರ್ಧ ಗಂಟೆಯಾದ ಮೇಲೆ. ಇಬ್ಬರು ತೊಟ್ಟಿಯ ನೀರಿಗೆ. ಮೂವರು ಕಣದ ನೀರು ಗುಡಿಸಿ ಚರಂಡಿ ಬಿಡಿಸುವುದಕ್ಕೆ. ಉಳಿದ ಮೂವರನ್ನು ಯಾವ ಕೆಲಸಕ್ಕೂ ಕಟ್ಟಬೇಡ. ಅವರು ಟಾರ್ಪಾಲಿನ ಹತ್ತಿರವೇ ಇರಲಿ, ನೆನೆದ ಗೋಣಿ ಹಿಂಡಿ ಒಣಹಾಕುತ್ತಿರಲಿ. ಎರಡನೆಯ ಮಳೆ ಬಂದರೆ ಆ ಮೂವರೇ ಮೊದಲು ಓಡುವವರು. ಮಲೆನಾಡಿನ ಮೋಡ ಒಂದು ಸಲ ಸುರಿದು ಸುಮ್ಮನಾಗುತ್ತದೆ ಅಂತ ನಂಬಬೇಡ, ಮೂರು ಗಂಟೆಗೆ ಮತ್ತೆ ಬರುವುದೇ ಹೆಚ್ಚು.

• ಫೋನು ಎರಡೇ. ಕಾಫಿ ತಗೊಂಡು ಹೋಗಲು ನಾಳೆ ಗಾಡಿ ಬರಬೇಕಿದ್ದರೆ ಅವರಿಗೆ ಇವತ್ತೇ ತಿಳಿಸು. ಪಕ್ಕದ ತೋಟದಲ್ಲಿ ಡ್ರೈಯರೋ ಜನರೇಟರೋ ಇದ್ದರೆ ಒಂದು ಮಾತು ಕೇಳು. ನೆಟ್‌ವರ್ಕು ಹೋಗುವ ಮುಂಚೆ ಮಾಡು.

• ಮಳೆ ನಿಂತ ತಕ್ಷಣ ಮುಚ್ಚಿದ ದಿಂಡುಗಳ ಟಾರ್ಪಾಲನ್ನು ಒಂದು ಬದಿಯಿಂದ ಎತ್ತಿ ಗಾಳಿಯಾಡಿಸು. ಬಿಚ್ಚಿ ಹರಡುವುದಲ್ಲ, ಒಳಗಿನ ಬೆವರು ಆರುವಷ್ಟೇ. ಆಗಲೇ ಬುಡ ನೋಡಿಕೋ. ಹತ್ತು ಚೀಲದ ದಿಂಡಿನಲ್ಲಿ ಅಂಚಿನ ಒಂದೆರಡು ಚೀಲ ನೆನೆದಿರುವುದು ಸಾಮಾನ್ಯ. ಬೆರಳಿಗೆ ಸಿಪ್ಪೆ ಮೆತ್ತಗೆ ತಾಗುತ್ತದೆ, ಕೆಲವು ಬಿರಿದಿರುತ್ತವೆ. ಅದನ್ನು ಅಲ್ಲೇ ಬಗೆದು ಬೇರೆ ತೆಗೆ, ಬೇರೆ ಒಣಗಿಸು, ಚೀಲಕ್ಕೆ ಬೇರೆ ಗುರುತು ಹಾಕು. ಒಂದೆರಡು ಚೀಲವಲ್ಲವೇ, ಎಂಟು ಚೀಲದಲ್ಲಿ ಕಲೆತುಹೋಗುತ್ತದೆ ಅಂತ ಮೇಸ್ತ್ರಿ ಹೇಳಿಯಾನು. ಕಲೆತುಹೋಗುವುದಿಲ್ಲ. ಕ್ಯೂರಿಂಗ್ ವರ್ಕ್ಸಿನಲ್ಲಿ ಸಿಪ್ಪೆ ಬಿಡಿಸಿದಾಗ ಬಿಳಿಚಿದ ಬೇಳೆ ಎದ್ದು ಕಾಣುತ್ತದೆ, ಆಗ ಕೆಳಗಿಳಿಯುವುದು ಹತ್ತೂ ಚೀಲದ ದರ್ಜೆ.

ನೆನೆದದ್ದು ಮತ್ತೆ ಯಾವಾಗ ಹದಕ್ಕೆ ಬಂತು ಅಂತ ತಿಳಿಯಲು ಹಲ್ಲಿನಿಂದ ಕಚ್ಚಿ ನೋಡುವುದೊಂದೇ ಸಾಲದು, ಬಿರಿದ ಸಿಪ್ಪೆಯದ್ದು ಹೊರಗೆ ಬೇಗ ಗಟ್ಟಿಯಾಗಿ ಮೋಸ ಮಾಡುತ್ತದೆ. ತೇವ ಅಳೆಯುವ ಮೀಟರು ಇದ್ದರೆ ಸರಿ. ಇಲ್ಲದಿದ್ದರೆ ಒಂದೇ ಡಬ್ಬಿಯಲ್ಲಿ, ಒಂದೇ ಮಟ್ಟಕ್ಕೆ ತುಂಬಿ ದಿನಾ ಸಂಜೆ ತೂಗಿ ಬರೆ. ಒಳ್ಳೆಯ ಬಿಸಿಲಿನ ಎರಡು ದಿನ ತೂಕ ಇಳಿಯದೆ ನಿಂತರೆ ಒಣಗಿದೆ.

• ನಾಲ್ಕು ಗಂಟೆಗೆ ಹಾಳೆಯನ್ನು ಮತ್ತೆ ತೆರೆ. ಹನ್ನೊಂದೂವರೆಗೆ ಹಾಕಿದ ಲೆಕ್ಕ ಆಗ ಗೊತ್ತಿದ್ದಷ್ಟರ ಮೇಲೆ ಹಾಕಿದ್ದು. ಬಿಸಿಲು ಬಂತೇ, ಕರೆಂಟು ಬಂತೇ, ಗುಡ್ಡೆ ಬೆಚ್ಚಗಾಯಿತೇ ಅನ್ನುವುದರ ಮೇಲೆ ಇನ್ನೊಂದು ಸಲ ಜೋಡಿಸಬೇಕು. ನಾವು ಹಿಡಿದ ದಿನದಲ್ಲಿ ಒಂದೂಕಾಲು ಗಂಟೆಯಿಂದ ಬಿಸಿಲು ಸಿಕ್ಕಿತು, ಮೂರಕ್ಕೆ ಮತ್ತೆ ಮೋಡ ಮುಚ್ಚಿತು ಅಂತಿಟ್ಟುಕೋ. 6 ಚೀಲದ ಪಾರ್ಚ್‌ಮೆಂಟಿಗೆ ಎರಡು ಗಂಟೆಯೂ ಬಿಸಿಲಾಗಲಿಲ್ಲ. ಆದರೂ ಮೇಲಿನ ಪಸೆ ಆರಿದೆ, ಒಳಗಿನ ಬಿಸಿ ಇಳಿದಿದೆ. ಅದನ್ನು ಮತ್ತೆ ದಿಂಡು ಮಾಡಿ ಹೊರಗೆ ಬಿಡುವುದಕ್ಕಿಂತ ಗೋಡೌನಿನ ನೆಲಕ್ಕೆ ಸಾಗಿಸು. ಜಾಗ ಸಾಲದಿದ್ದರೆ ಎಂಟು ದಿನದ್ದು ಹೊರಗೆ ಟಾರ್ಪಾಲಿನಡಿ ಇರಲಿ, ಇದು ಒಳಗಿರಲಿ. ಹೆಚ್ಚು ಬೆಲೆಯದ್ದು ಹೊರಗೇಕೆ ಅಂತ ನಿಮ್ಮಪ್ಪ ಕೇಳಬಹುದು. ಅದು ಇವತ್ತು ರಾತ್ರಿ, ನಾಳೆ ಹಗಲು ತಡೆಯುತ್ತದೆ, ಇದು ತಡೆಯುವುದಿಲ್ಲ ಅಂತ ಹೇಳು.

ರಾತ್ರಿ ಎಂಟಕ್ಕೆ ಹುಳಿಯುವ ತೊಟ್ಟಿಯನ್ನು ಮುಟ್ಟಿ ನೋಡುವಾಗ ಒಳಗೆ ಹರಡಿದ್ದಕ್ಕೂ ಒಮ್ಮೆ ಕೈಯಾಡಿಸಿಬಿಡು. ಕಿಟಕಿ ತೆರೆದಿರಲಿ. ತೊಟ್ಟಿ ಹದಕ್ಕೆ ಬಂದಿದ್ದರೆ ರಾತ್ರಿಯೇ ತೊಳೆಸು, ಬೆಳಗಿನವರೆಗೆ ಬಿಡಬೇಡ. ತೊಳೆದ ನೀರು ಎಂದಿನ ಇಂಗುಗುಂಡಿಗೇ ಹೋಗಬೇಕು. ಮಳೆಯಲ್ಲಿ ಯಾರು ನೋಡುತ್ತಾರೆ ಅಂತ ಹಳ್ಳಕ್ಕೆ ಬಿಡಿಸುವುದು ನಮ್ಮ ಕಡೆ ಕೆಲವರ ಚಾಳಿ. ಆ ಹುಳಿನೀರು ಹಳ್ಳದ ಮೀನನ್ನು ಉಸಿರುಗಟ್ಟಿಸುತ್ತದೆ, ಕೆಳಗಿನ ಊರಿನವರು ಅದೇ ನೀರಿಗೆ ಬಿಂದಿಗೆ ಹಾಕುತ್ತಾರೆ.

• ಕತ್ತಲಾಗುವ ಮುಂಚೆ ಮಳೆಮಾಪಕ ನೋಡಿ ಬರೆದುಕೋ. ಎಷ್ಟು ಸೆಂಟ್ಸ್ ಬಿತ್ತು ಅನ್ನುವುದು ನಾಳೆಯಿಂದ ಹತ್ತು ದಿನದ ಕೆಲಸವನ್ನು ತೀರ್ಮಾನಿಸುತ್ತದೆ. 20, 30 ಸೆಂಟ್ಸಾದರೆ ನಾಳೆ ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಲು ಮುಂದುವರಿಸಬಹುದು. ಮೊದಲು ಅರೇಬಿಕಾದಲ್ಲಿ ಹಣ್ಣು ಹೆಚ್ಚು ಬಲಿತ ಪಟ್ಟಿಗೇ ಹೋಗಲಿ. ಮಳೆಗೆ ಹಣ್ಣು ಬಿರಿದು ಉದುರುವುದು ಅಲ್ಲೇ, ಉದುರಿದ್ದನ್ನು ಆಯದೆ ಬಿಟ್ಟರೆ ಬೆರ್ರಿ ಬೋರರ್ ಅದರಲ್ಲೇ ಬೆಳೆದು ಮುಂದಿನ ಬೆಳೆಗೆ ಹತ್ತುತ್ತದೆ. ಆಯ್ದ ಉದುರು ಬೇರೆ ಚೀಲಕ್ಕೆ, ಕೊಯ್ದ ಹಣ್ಣಿನೊಡನೆ ಬೆರೆಸುವುದು ಬೇಡ.

ಮಳೆ ಒಂದು ಇಂಚಿನ ಹತ್ತಿರ ಬಂದಿದ್ದರೆ ಮಾತು ಬೇರೆ. ರೊಬಸ್ಟಾ ಗಿಡದ ಗೆಣ್ಣು ನೋಡು. ಮೊಗ್ಗು ಬಲಿತು ನಿಂತಿದ್ದರೆ ಎಂಟು ಹತ್ತು ದಿನದಲ್ಲಿ ಹೂ ಬಿಡುತ್ತದೆ, ಹಣ್ಣು ಇನ್ನೂ ಗಿಡದ ಮೇಲಿರುವಾಗಲೇ. ರೊಬಸ್ಟಾದ ಹೂವಿಗೆ ಬೇರೆ ಗಿಡದ ಪರಾಗ ಬರಬೇಕು. ಹೂ ಅರಳಿದ ದಿನಗಳಲ್ಲಿ ಆಳು ಗಿಡ ಬಗ್ಗಿಸಿ ಹಣ್ಣು ಕಿತ್ತರೆ ಮುಂದಿನ ವರ್ಷದ ಫಸಲು ಕೈಯಲ್ಲೇ ಉದುರುತ್ತದೆ. ಅಂದರೆ ಹಣ್ಣಾದ ರೊಬಸ್ಟಾವನ್ನು ಮೊಗ್ಗು ಬಿರಿಯುವ ಮುಂಚಿನ ಆರೇಳು ದಿನದಲ್ಲಿ ಆದಷ್ಟು ಮುಗಿಸಬೇಕು, ಆಮೇಲೆ ಹೂ ಬಾಡಿ ಕಾಯಿ ಕಚ್ಚುವವರೆಗೆ ಆ ಪಟ್ಟಿಗೆ ಯಾರೂ ಇಳಿಯಬಾರದು. ಹಾಗಿದ್ದಲ್ಲಿ ಇವತ್ತು ರಾತ್ರಿಯೇ ರೈಟರಿಗೆ ಹೇಳಿಬಿಡು: ಅರೇಬಿಕಾದ ಕೊನೆಯ ಸುತ್ತು ಎರಡೇ ದಿನಕ್ಕೆ ಸಾಕು, ಅದಕ್ಕೆ ಐದು ಜನ, ಉಳಿದವರೆಲ್ಲ ನಾಡಿದ್ದಿನಿಂದ ರೊಬಸ್ಟಾಕ್ಕೆ, ಮೊಗ್ಗು ಹೆಚ್ಚು ಬಲಿತ ಪಟ್ಟಿಯಿಂದ ಶುರು.